ಸೇವೆ ನಿಂತ ಮೇಲೆ ಆಡಳಿತ ಮಂಡಳಿಗೆ ಬರೆಯುವ ಇಮೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಆನ್‌ಲೈನ್ ಸೇವೆ ನಿಂತು, ಮತ್ತೆ ಶುರುವಾದ ಮೇಲೆ ಎಂ.ಡಿ., ಹಣಕಾಸು ಮುಖ್ಯಸ್ಥರು, ಮಾರಾಟ ವಿಭಾಗದ ಮುಖ್ಯಸ್ಥರು ಇಂಥವರಿಗೆ ಒಂದು ಸಾರಾಂಶ ಕಳಿಸಬೇಕಾಗುತ್ತದೆ. ಅದನ್ನು ಬರೆಯುವ ತಂತ್ರಜ್ಞರಿಗಾಗಿ ಈ ಪುಟ. ಉತ್ತರಗಳೆಲ್ಲ ಒಂದೇ ಪ್ರಸಂಗವನ್ನು ಹಿಡಿದು ಸಾಗುತ್ತವೆ. ವಿವರಣೆಗಾಗಿ ಕಟ್ಟಿಕೊಂಡ ಪ್ರಸಂಗವಾದರೂ ಇಂಥ ದೋಷ ನಿಜಕ್ಕೂ ಆಗಾಗ ಕಾಣಿಸಿಕೊಳ್ಳುವಂಥದ್ದು.

ಆ ಪ್ರಸಂಗ ಏನು?

ಕರ್ನಾಟಕದ ಕೆಲವು ಊರುಗಳಲ್ಲಿ ಮನೆಗೆ ದಿನಸಿ ತಲುಪಿಸುವ ಒಂದು ಸಂಸ್ಥೆ. ಗ್ರಾಹಕರ ಆ್ಯಪ್ ಮಾತಾಡುವುದು ಮೂರು ಸರ್ವರ್‌ಗಳ ಜೊತೆ. 2025ರ ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ 6:40ಕ್ಕೆ ಮೂರರಲ್ಲಿ ಎರಡು ಸರ್ವರ್‌ಗಳು ತಾವು ಅಸಲಿ ಎಂದು ಆ್ಯಪ್‌ಗೆ ತೋರಿಸುತ್ತಿದ್ದ ಭದ್ರತಾ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಆ ಕ್ಷಣದಿಂದ ಅವೆರಡರ ಜೊತೆ ಸಂಪರ್ಕ ಮಾಡಲು ಆ್ಯಪ್ ಒಪ್ಪಲಿಲ್ಲ. 6:52ಕ್ಕೆ ಗ್ರಾಹಕ ಸೇವಾ ಕೇಂದ್ರಕ್ಕೆ ಮೊದಲ ಕರೆ ಬಂತು. 7:05ಕ್ಕೆ ಅಲ್ಲಿನ ಮೇಲ್ವಿಚಾರಕರು ಪಾಳಿಯಲ್ಲಿದ್ದ ಎಂಜಿನಿಯರ್‌ಗೆ ಫೋನ್ ಮಾಡಿದರು. 7:50ಕ್ಕೆ ಕಾರಣ ಸಿಕ್ಕಿತು, 7:58ಕ್ಕೆ ಸೇವೆ ಸರಿಹೋಯಿತು. ಒಟ್ಟು 78 ನಿಮಿಷ.

ಈ ಮೇಲ್ ಯಾವಾಗ ಹೋಗಬೇಕು?

ಸೇವೆ ನಿಂತಿರುವಾಗ ಕಳಿಸುವ "ಕೆಲಸ ನಡೆಯುತ್ತಿದೆ" ಎಂಬ ಸಂದೇಶಗಳು ಬೇರೆ, ಇದು ಬೇರೆ. ಸೇವೆ ಸರಿಹೋದ ಮರುದಿನದ ಸಂಜೆಯೊಳಗೆ ಈ ಮೇಲ್ ಹೋಗಲಿ. ಅದೇ ದಿನ ಕಳಿಸಿದರೆ ಹಣದ ಲೆಕ್ಕ ಪಕ್ಕಾ ಆಗಿರುವುದಿಲ್ಲ. ವಾರ ಬಿಟ್ಟು ಕಳಿಸಿದರೆ ಅಷ್ಟರೊಳಗೆ ಮಾರಾಟದವರು, ಗ್ರಾಹಕ ಸೇವೆಯವರು ತಮ್ಮ ತಮ್ಮ ಆವೃತ್ತಿಯನ್ನು ಮೇಲಿನವರಿಗೆ ಹೇಳಿ ಮುಗಿಸಿರುತ್ತಾರೆ, ಆಮೇಲೆ ನೀವು ಬರೆದದ್ದು ಸಮಜಾಯಿಷಿಯಂತೆ ಕಾಣುತ್ತದೆ.

ವಿಷಯದ ಸಾಲಿನಲ್ಲಿ ಏನಿರಬೇಕು?

ಯಾವುದು ನಿಂತಿತ್ತು, ಯಾವತ್ತು, ಎಷ್ಟು ಹೊತ್ತು, ಈಗ ಹೇಗಿದೆ. "ಅ. 14: ಆರ್ಡರ್ ಸೇವೆಗೆ 78 ನಿಮಿಷ ಅಡಚಣೆ, ಸರಿಹೋಗಿದೆ" ಎಂದರೆ ಸಾಕು. ಟಿಕೆಟ್ ಸಂಖ್ಯೆ, "ತುರ್ತು" ಎಂಬ ಪದ, ಸರ್ವರ್ ಹೆಸರು ಯಾವುದೂ ಬೇಡ. ಮುಗಿದುಹೋದ ವಿಷಯಕ್ಕೆ ತುರ್ತು ಎಂದು ಬರೆದರೆ, ಸಭೆಯಲ್ಲಿ ಕೂತವರು ಇನ್ನೂ ಏನೋ ನಿಂತಿದೆ ಎಂದುಕೊಂಡು ಎದ್ದು ಹೊರಗೆ ಬರುತ್ತಾರೆ.

ಅಡಚಣೆ ಶುರುವಾದ ಸಮಯ ಯಾವುದು? ನಮಗೆ ಗೊತ್ತಾದದ್ದು 7:05ಕ್ಕೆ.

6:40. ಗ್ರಾಹಕನಿಗೆ ತೊಂದರೆ ಶುರುವಾದ ಹೊತ್ತಿನಿಂದಲೇ ಲೆಕ್ಕ. 7:05ರಿಂದ ಎಣಿಸಿದರೆ 53 ನಿಮಿಷ ಎಂದಾಗುತ್ತದೆ, ನೋಡಲು ಚೆನ್ನಾಗಿರುತ್ತದೆ. ಆದರೆ ಗ್ರಾಹಕ ಸೇವಾ ಕೇಂದ್ರದ ಕರೆಪಟ್ಟಿಯಲ್ಲಿ 6:52ರ ಕರೆ ಇದ್ದೇ ಇದೆ. ಅದನ್ನು ಯಾರಾದರೂ ಹಣಕಾಸು ಮುಖ್ಯಸ್ಥರ ಮುಂದೆ ಇಟ್ಟ ದಿನ ನಿಮ್ಮ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ. ಎರಡು ಸಮಯಗಳ ನಡುವಿನ 25 ನಿಮಿಷವನ್ನು ಮುಚ್ಚಿಡುವ ಬದಲು ಪ್ರತ್ಯೇಕವಾಗಿ ಹೇಳಿ. ನಮ್ಮ ಎಚ್ಚರಿಕೆ ವ್ಯವಸ್ಥೆ ಕೂಗಲಿಲ್ಲ, ಗ್ರಾಹಕರೇ ತಿಳಿಸಬೇಕಾಯಿತು ಎಂಬುದು ಮೇಲಿನವರಿಗೆ ಗೊತ್ತಾಗಲೇಬೇಕಾದ ಸಂಗತಿ, ಮುಂದಿನ ಖರ್ಚಿಗೆ ಒಪ್ಪಿಗೆ ಸಿಗುವುದೂ ಅದರಿಂದಲೇ.

ಪರಿಣಾಮವನ್ನು ಎಣಿಸುವುದು ಹೇಗೆ?

ಹೆಚ್ಚಿನ ಮೇಲ್‌ಗಳು ಸೋಲುವುದು ಇಲ್ಲೇ. "ಮೂರರಲ್ಲಿ ಎರಡು ಸರ್ವರ್ ಕೆಲಸ ಮಾಡುತ್ತಿರಲಿಲ್ಲ" ಎಂಬುದು ಯಂತ್ರದ ಸ್ಥಿತಿ. ಓದುವವರಿಗೆ ಬೇಕಾದದ್ದು ಎಷ್ಟು ಆರ್ಡರ್ ತಪ್ಪಿತು, ಯಾರ ಹಣ ಸಿಕ್ಕಿಹಾಕಿಕೊಂಡಿತು, ಎಷ್ಟು ಸರಿಹೋಗಿದೆ ಎಂಬುದು.

ಮೊದಲು ಸಾಮಾನ್ಯ ದಿನದ ಅಂಕಿ ಬೇಕು. ಅದೇ ವಾರದ ದಿನ, ಅದೇ ಹೊತ್ತು, ಹಿಂದಿನ ನಾಲ್ಕು ಬಾರಿಯ ಸರಾಸರಿ ತೆಗೆಯುವುದು ವಾಡಿಕೆ. ಇಲ್ಲೊಂದು ತೊಡಕಿದೆ. ಹಿಂದಿನ ನಾಲ್ಕು ಮಂಗಳವಾರಗಳಲ್ಲಿ ಸೆಪ್ಟೆಂಬರ್ 30 ಬರುತ್ತದೆ, ಅದು ಆಯುಧಪೂಜೆಯ ಹಿಂದಿನ ದಿನ. ಅಂದು ದಿನಸಿ ಆರ್ಡರ್ ಸಹಜವಾಗಿಯೇ ಹೆಚ್ಚು, ಸೇರಿಸಿದರೆ ನಷ್ಟ ಉಬ್ಬಿ ಕಾಣುತ್ತದೆ. ಅದನ್ನು ಬಿಟ್ಟು ಸೆಪ್ಟೆಂಬರ್ 9, 16, 23 ಮತ್ತು ಅಕ್ಟೋಬರ್ 7ನ್ನು ತೆಗೆದುಕೊಳ್ಳಿ, ಬಿಟ್ಟದ್ದೇಕೆ ಎಂದು ಒಂದು ಸಾಲು ಬರೆಯಿರಿ. ಸರಾಸರಿ 3,120 ಆರ್ಡರ್ ಎಂದಿಟ್ಟುಕೊಳ್ಳೋಣ. ಅಂದು ಬಂದದ್ದು 1,180. ಮೂರನೆಯ ಸರ್ವರ್ ಸರಿಯಿದ್ದುದರಿಂದ ಅಷ್ಟಾದರೂ ಬಂತು. ಕೊರತೆ 1,940.

ಇದನ್ನೇ ನಷ್ಟ ಎಂದು ಬರೆಯುವುದು ತಪ್ಪು. ಬೆಳಿಗ್ಗೆ ಆರ್ಡರ್ ಮಾಡಲಾಗದವರಲ್ಲಿ ಹಲವರು ಆಮೇಲೆ ಮತ್ತೆ ಬರುತ್ತಾರೆ. 7:58ರಿಂದ 10 ಗಂಟೆಯವರೆಗೆ ಎಂದಿಗಿಂತ 820 ಆರ್ಡರ್ ಹೆಚ್ಚು ಬಂದಿದ್ದರೆ, ಅವು ಮರಳಿ ಬಂದವು. ಉಳಿದ 1,120 ತಪ್ಪಿಹೋದವು. ಸರಾಸರಿ ಆರ್ಡರ್ ಬೆಲೆ 340 ರೂಪಾಯಿ ಆದರೆ ಮೊತ್ತ ಸುಮಾರು 3.8 ಲಕ್ಷ. ಇದು ಆರ್ಡರ್‌ಗಳ ಬೆಲೆಯೇ ಹೊರತು ಲಾಭವಲ್ಲ ಎಂಬುದನ್ನು ಅಲ್ಲೇ ಹೇಳಿಬಿಡಿ. ಹೇಳದಿದ್ದರೆ ಹಣಕಾಸು ವಿಭಾಗದಿಂದ ಬರುವ ಮೊದಲ ಪ್ರಶ್ನೆಯೇ ಅದು.

ಕೊನೆಗೆ, ಒಟ್ಟು ಅಂಕಿಯೊಳಗೆ ಕರಗಿಹೋಗುವ ಸಣ್ಣ ಗುಂಪು. ಇಲ್ಲಿ 37 ಗ್ರಾಹಕರ ಹಣ ಕಡಿತವಾಯಿತು, ಆರ್ಡರ್ ದಾಖಲಾಗಲಿಲ್ಲ. ಅವರು ಸರಿಯಿದ್ದ ಸರ್ವರ್ ಮೂಲಕ ಪಾವತಿಗೆ ಹೋದವರು. ಪಾವತಿ ಗೇಟ್‌ವೇ "ಹಣ ಬಂತು" ಎಂದು ತಿಳಿಸಲು ಬಂದಾಗ ಕೆಟ್ಟ ಸರ್ವರ್ ಎದುರಾಯಿತು, ಗೇಟ್‌ವೇ ಕೂಡ ಅವಧಿ ಮುಗಿದ ಸರ್ಟಿಫಿಕೇಟನ್ನು ಒಪ್ಪಲಿಲ್ಲ. ಗೇಟ್‌ವೇ ಮತ್ತೆ ಪ್ರಯತ್ನಿಸಿದಾಗ 29 ಸರಿಹೋದವು. 8 ಮಂದಿಗೆ ಹಣ ವಾಪಸ್ ಕಳಿಸಬೇಕಾಯಿತು. ದೂರು, ಸಾಮಾಜಿಕ ಜಾಲತಾಣದ ಪೋಸ್ಟು ಬರುವುದು 1,120ರಿಂದಲ್ಲ, ಈ 8ರಿಂದ. ಹಾಗಾಗಿ ಇದಕ್ಕೆ ಸ್ವಂತ ಸಾಲು ಇರಬೇಕು.

ಗ್ರಾಹಕರ ಮಾಹಿತಿ ಸೋರಿತೇ ಎಂದು ಯಾರೂ ಕೇಳಿಲ್ಲ. ಬರೆಯಬೇಕೇ?

ಬರೆಯಿರಿ. ಕೇಳದಿದ್ದರೂ ಓದುವವರ ಮನಸ್ಸಿನಲ್ಲಿರುವುದು ಅದೇ, ಅದರಲ್ಲೂ "ಭದ್ರತಾ ಸರ್ಟಿಫಿಕೇಟ್" ಎಂಬ ಮಾತು ಬಂದ ಮೇಲೆ. ಅವಧಿ ಮುಗಿದ ಸರ್ಟಿಫಿಕೇಟ್ ಸಂಪರ್ಕವನ್ನು ತಡೆಯುತ್ತದೆ, ಬಾಗಿಲು ತೆರೆದಿಡುವುದಿಲ್ಲ. ಆದರೆ ಕಾರಣ ಇಂಥದ್ದು ಎಂಬ ಒಂದೇ ಆಧಾರದ ಮೇಲೆ "ಸೋರಿಲ್ಲ" ಎನ್ನಬೇಡಿ. ಆ ಹೊತ್ತಿನ ಲಾಗ್ ನೋಡಿ, "ಪರಿಶೀಲಿಸಿದ್ದೇವೆ, ಸೋರಿಕೆಯ ಸುಳಿವು ಕಂಡಿಲ್ಲ" ಎಂದು ಬರೆಯಿರಿ.

ಭಾರತದಲ್ಲಿ ಇನ್ನೊಂದು ಕಾರಣಕ್ಕೂ ಈ ಸಾಲು ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರ ಪಟ್ಟಿಯಲ್ಲಿರುವ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಾಳಿಯ ಅನುಮಾನವಿದ್ದರೆ ಕಾನೂನು ವಿಭಾಗಕ್ಕೆ ಮೊದಲೇ ಫೋನ್ ಹೋಗಿರಬೇಕು, ಮರುದಿನದ ಸಾರಾಂಶಕ್ಕೆ ಕಾಯುವಂತಿಲ್ಲ.

ಕಾರಣವನ್ನು ತಾಂತ್ರಿಕ ಪದಗಳಿಲ್ಲದೆ ಹೇಳುವುದು ಹೇಗೆ?

ಮೊದಲು ನಿಜವಾದ ಕಾರಣ ನಿಮಗೇ ಸ್ಪಷ್ಟವಾಗಲಿ. ಇಲ್ಲಿ "ಸರ್ಟಿಫಿಕೇಟ್ ನವೀಕರಿಸಲು ಮರೆತರು" ಎಂದು ಬರೆದರೆ ಅದು ಸುಳ್ಳು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಈ ಸರ್ಟಿಫಿಕೇಟಿಗೆ 90 ದಿನದ ಆಯುಷ್ಯ. 30 ದಿನ ಉಳಿದಿರುವಾಗ, ಅಂದರೆ ಸೆಪ್ಟೆಂಬರ್ 14ರಂದೇ, ಸರ್ಟ್‌ಬಾಟ್ ಎಂಬ ತಂತ್ರಾಂಶ ಹೊಸದನ್ನು ತಾನಾಗಿ ತಂದಿಟ್ಟಿತ್ತು. ಹೊಸ ಕಡತ ಮೂರೂ ಸರ್ವರ್‌ಗಳಿಗೆ ತಲುಪಿತ್ತು. ಆದರೆ ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶ ಶುರುವಾಗುವಾಗ ಒಮ್ಮೆ ಸರ್ಟಿಫಿಕೇಟನ್ನು ಓದಿ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಮತ್ತೆ ಓದು ಎಂದು ಹೇಳುವವರೆಗೆ ಹಳೆಯದನ್ನೇ ತೋರಿಸುತ್ತಿರುತ್ತದೆ. ಹಾಗೆ ಹೇಳುವ ಏರ್ಪಾಡು ಇರಲಿಲ್ಲ.

ಮೇಲ್‌ನಲ್ಲಿ ಇದನ್ನು ಹೀಗೆ ಹೇಳಬಹುದು: ಹೊಸ ಡ್ರೈವಿಂಗ್ ಲೈಸೆನ್ಸ್ ಮನೆಗೆ ಬಂದಿತ್ತು, ಜೇಬಿನಲ್ಲಿ ಹಳೆಯದೇ ಉಳಿದಿತ್ತು, ತಪಾಸಣೆಯಲ್ಲಿ ತೋರಿಸಿದ್ದು ಅದನ್ನೇ. ಇಂಥ ಹೋಲಿಕೆ ಒಂದೇ ಸಾಕು, ಒಂದೇ ಸಾಲಿನಲ್ಲಿ ಮುಗಿಯಲಿ. ಎಳೆಯುತ್ತ ಹೋದರೆ ಓದುವವರ ಪ್ರಶ್ನೆಗಳು ಸರ್ವರ್ ಬಿಟ್ಟು ಲೈಸೆನ್ಸಿನ ಸುತ್ತ ತಿರುಗತೊಡಗುತ್ತವೆ.

ಇಷ್ಟು ಬರೆದರೂ ಬುದ್ಧಿವಂತ ಓದುಗರಿಗೆ ಎರಡು ಪ್ರಶ್ನೆ ಉಳಿಯುತ್ತವೆ.

ಮೊದಲನೆಯದು, ಇಷ್ಟು ದಿನ ಆಗದ್ದು ಈಗ ಯಾಕಾಯಿತು? ಪ್ರತಿ ತಿಂಗಳ ಕೊನೆಯ ಭಾನುವಾರ ಭದ್ರತಾ ಅಪ್‌ಡೇಟ್‌ಗಾಗಿ ಸರ್ವರ್‌ಗಳನ್ನು ರೀಸ್ಟಾರ್ಟ್ ಮಾಡಲಾಗುತ್ತಿತ್ತು. ಆಗ ಹೊಸ ಸರ್ಟಿಫಿಕೇಟ್ ತಾನಾಗಿ ಬಳಕೆಗೆ ಬರುತ್ತಿತ್ತು. ಯಾರೂ ಉದ್ದೇಶಿಸದ ಆ ಉಪಕಾರದ ಮೇಲೆ ಇಡೀ ಸೇವೆ ನಿಂತಿದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ದಸರಾ–ದೀಪಾವಳಿ ಮಾರಾಟದ ಸಮಯದಲ್ಲಿ ಯಾವ ಬದಲಾವಣೆಯೂ ಬೇಡವೆಂದು ಸೆಪ್ಟೆಂಬರ್ 28ರ ರೀಸ್ಟಾರ್ಟ್ ಮುಂದೂಡಲಾಯಿತು. ಮೂರನೆಯ ಸರ್ವರ್ ಬದುಕಿದ್ದೂ ಇದೇ ಕಾರಣಕ್ಕೆ, ಡಿಸ್ಕ್ ಬದಲಿಸಲೆಂದು ಅಕ್ಟೋಬರ್ 6ರಂದು ಅದೊಂದನ್ನು ರೀಸ್ಟಾರ್ಟ್ ಮಾಡಿದ್ದರು.

ಎರಡನೆಯದು, ಗೊತ್ತಾದ ಮೇಲೂ 45 ನಿಮಿಷ ಬೇಕಾಯಿತೇಕೆ? ಒಳಗಿನ ತಪಾಸಣೆಗೆ ಈ ಸರ್ಟಿಫಿಕೇಟ್ ಎದುರಾಗುತ್ತಲೇ ಇರಲಿಲ್ಲ, ಹಾಗಾಗಿ ಪರದೆಯ ಮೇಲೆ ಎಲ್ಲ ಸರ್ವರ್‌ಗಳೂ ಹಸಿರಾಗಿದ್ದವು. ಅವಧಿ ನೋಡುತ್ತಿದ್ದ ಎಚ್ಚರಿಕೆ ಕೂಡ ಡಿಸ್ಕ್‌ನಲ್ಲಿದ್ದ ಕಡತವನ್ನು ನೋಡುತ್ತಿತ್ತು, ಅದು ಹೊಸದು. ಮೂರರಲ್ಲಿ ಒಂದು ಆರ್ಡರ್ ದಾಟುತ್ತಿದ್ದುದರಿಂದ ಎಂಜಿನಿಯರ್ ಮೊದಲು ಅನುಮಾನಿಸಿದ್ದು ನೆಟ್‌ವರ್ಕ್ ಮತ್ತು ಪಾವತಿ ಗೇಟ್‌ವೇಯನ್ನು.

ಯಾರ ತಪ್ಪಿನಿಂದ ಆಯಿತು ಎಂದು ಕೇಳಿದರೆ?

ಮೇಲ್‌ನಲ್ಲಿ ವ್ಯಕ್ತಿಯ ಹೆಸರು ಬೇಡ. ರೀಸ್ಟಾರ್ಟ್ ಮುಂದೂಡಿದವರದ್ದು ಸರಿಯಾದ ತೀರ್ಮಾನವೇ ಆಗಿತ್ತು. ಅವರ ಹೆಸರು ಬರೆದರೆ ಮುಂದಿನ ಸಲ ಯಾರೂ ಮಾರಾಟದ ಸಮಯದಲ್ಲಿ ಬದಲಾವಣೆ ತಡೆಯುವ ಧೈರ್ಯ ಮಾಡುವುದಿಲ್ಲ. "ಮಾನವ ದೋಷ" ಎಂದೂ ಬರೆಯಬೇಡಿ. ಅದು ಕಾರಣದ ಹುಡುಕಾಟ ಅರ್ಧಕ್ಕೇ ನಿಂತಿತು ಎಂದು ಹೇಳಿದಂತೆ. ಪಾವತಿ ಗೇಟ್‌ವೇಯಂಥ ಹೊರಗಿನ ಸಂಸ್ಥೆಯಿಂದಲೇ ತೊಂದರೆಯಾಗಿದ್ದರೆ ಅದನ್ನು ಹೇಳಬಹುದು, ಜೊತೆಗೆ ಅವರು ನಿಂತಾಗ ನಾವೂ ನಿಂತದ್ದೇಕೆ ಎಂಬುದಕ್ಕೂ ಉತ್ತರ ಕೊಡಬೇಕು.

"ಇಷ್ಟು ಸಣ್ಣ ವಿಷಯಕ್ಕೆ ಸೇವೆ ನಿಲ್ಲುತ್ತದೆಯೇ?" ಎಂದರೆ ಏನು ಹೇಳಲಿ?

ನಿಲ್ಲುತ್ತದೆ. 2020ರ ಫೆಬ್ರುವರಿ 3ರಂದು ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತದ್ದು ಅವಧಿ ಮುಗಿದ ಸರ್ಟಿಫಿಕೇಟಿನಿಂದ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಒ2 ಗ್ರಾಹಕರ ಮೊಬೈಲ್ ಡೇಟಾ ಹೋದದ್ದೂ ಎರಿಕ್ಸನ್ ತಂತ್ರಾಂಶದಲ್ಲಿದ್ದ ಇಂಥದೇ ಸರ್ಟಿಫಿಕೇಟಿನಿಂದ. ಆದರೆ ಇವನ್ನು ಮೇಲ್‌ನಲ್ಲಿ ಹಾಕಬೇಡಿ, ದೊಡ್ಡವರಿಗೂ ಆಗಿದೆ ಎಂಬ ನೆಪದಂತೆ ಕೇಳುತ್ತದೆ. ಸಭೆಯಲ್ಲಿ ಕೇಳಿದರೆ ಹೇಳಿ.

ಮುಂದೆ ಆಗದಂತೆ ತಡೆಯುವ ಭಾಗದಲ್ಲಿ ಏನೇನು?

ಕೆಲಸ, ಜವಾಬ್ದಾರಿ ಹೊತ್ತ ಹುದ್ದೆ, ದಿನಾಂಕ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಆ ಸಾಲನ್ನು ತೆಗೆದುಬಿಡಿ. "ನಿಗಾ ಹೆಚ್ಚಿಸಲಾಗುವುದು", "ತಂಡಕ್ಕೆ ತರಬೇತಿ ನೀಡಲಾಗುವುದು" ಇಂಥವು ಯಾವ ಘಟನೆಗಾದರೂ ಅಂಟಿಸಬಹುದಾದ ಮಾತುಗಳು. ಎಂಟು ಹತ್ತು ಕೆಲಸಗಳ ಪಟ್ಟಿಗಿಂತ ನಿಜವಾಗಿ ಮುಗಿಯುವ ಮೂರು ಕೆಲಸ ಮೇಲು.

ಇಲ್ಲಿ ಬೇಕಾದವು ಮೂರೇ: ಸರ್ಟಿಫಿಕೇಟ್ ನವೀಕರಣವಾದ ಕೂಡಲೇ ಮೂರೂ ಸರ್ವರ್‌ಗಳಲ್ಲಿ ಎನ್‌ಜಿನ್‌ಎಕ್ಸ್ ಅದನ್ನು ಮತ್ತೆ ಓದುವಂತೆ ಮಾಡುವುದು, ಗ್ರಾಹಕರಿಗೆ ನಿಜವಾಗಿ ಕಾಣುವ ಸರ್ಟಿಫಿಕೇಟನ್ನು ದಿನಾ ನೋಡುವುದು, ಗ್ರಾಹಕರ ದಾರಿಯಿಂದಲೇ ಪ್ರತಿ ನಿಮಿಷ ಸೇವೆಯನ್ನು ಮುಟ್ಟಿ ನೋಡುವುದು. ಎರಡನೆಯದಕ್ಕೆ ಎಚ್ಚರಿಕೆಯ ಗಡಿ 20 ದಿನ ಇರಲಿ. 30 ದಿನ ಉಳಿದಾಗಲೇ ಹೊಸದು ಬರಬೇಕಾದ್ದರಿಂದ, 20ಕ್ಕೆ ಇಳಿಯಿತೆಂದರೆ ಎಲ್ಲೋ ಕೊಂಡಿ ತಪ್ಪಿದೆ ಎಂದೇ ಅರ್ಥ. ಸರಿಪಡಿಸಲು ಆಗಲೂ ಬೇಕಾದಷ್ಟು ಸಮಯ ಇರುತ್ತದೆ.

"ಆಗಿದೆ" ಎಂದು ಬರೆಯುವ ಮೊದಲು ಖಚಿತಪಡಿಸಿಕೊಳ್ಳುವುದು ಹೇಗೆ?

ಇದು ಮೇಲ್‌ಗೆ ಹೋಗುವುದಿಲ್ಲ, ಬರೆಯುವವರಿಗೆ ಮಾತ್ರ. ಸೇವೆಯ ಹೆಸರಿನಿಂದ ಒಮ್ಮೆ ನೋಡಿದರೆ ಸಾಲದು. ಮೂರರಲ್ಲಿ ಯಾವ ಸರ್ವರ್ ಉತ್ತರಿಸಿತೋ ಗೊತ್ತಾಗುವುದಿಲ್ಲ, ಸರಿಯಿರುವುದೇ ಸಿಕ್ಕಿದರೆ ಮೋಸ ಹೋಗುತ್ತೀರಿ. ಪ್ರತಿಯೊಂದನ್ನೂ ಅದರದೇ ವಿಳಾಸದಲ್ಲಿ ಕೇಳಿ:

```
for ip in 10.0.0.11 10.0.0.12 10.0.0.13; do
  echo | openssl s_client -connect $ip:443 \
    -servername shop.example.com 2>/dev/null \
    | openssl x509 -noout -enddate
done
```

ಮೂರು ಸಾಲುಗಳಲ್ಲೂ `notAfter=` ಮುಂದೆ ಒಂದೇ ಹೊಸ ದಿನಾಂಕ ಬರಬೇಕು. ಮತ್ತೆ ಓದಿಸುವ ಆಜ್ಞೆ `systemctl reload nginx`. ಸರ್ಟ್‌ಬಾಟ್ ಇರುವ ಯಂತ್ರದಲ್ಲಿ ಅದನ್ನು `/etc/letsencrypt/renewal-hooks/deploy/` ಒಳಗಿನ ಸ್ಕ್ರಿಪ್ಟ್‌ನಲ್ಲಿಟ್ಟರೆ ಪ್ರತಿ ನವೀಕರಣದ ನಂತರ ಓಡುತ್ತದೆ. ಉಳಿದ ಎರಡು ಸರ್ವರ್‌ಗಳಿಗೆ ಕಡತ ನಕಲಾದ ಮೇಲೆ ಅಲ್ಲೂ ಓಡಬೇಕು. ಬಹಳ ಜನ ಎಡವುವುದು ಪರೀಕ್ಷೆಯಲ್ಲಿ: `certbot renew --dry-run` ಯಶಸ್ವಿಯಾಯಿತೆಂದು ನಿಶ್ಚಿಂತರಾಗುತ್ತಾರೆ, ಆದರೆ ಈ ಸ್ಕ್ರಿಪ್ಟ್ ಡ್ರೈ ರನ್‌ನಲ್ಲಿ ಸಾಮಾನ್ಯವಾಗಿ ಓಡುವುದೇ ಇಲ್ಲ. ಒಂದು ಸಲ ನಿಜವಾದ ನವೀಕರಣ ಮಾಡಿಸಿ, ಮೇಲಿನ ತಪಾಸಣೆ ಓಡಿಸಿ, ಆಮೇಲೆ "ಆಗಿದೆ" ಎಂದು ಬರೆಯಿರಿ.

ಪೂರ್ತಿ ಮೇಲ್ ಹೇಗಿರುತ್ತದೆ?

> ವಿಷಯ: ಅ. 14: ಆರ್ಡರ್ ಸೇವೆಗೆ 78 ನಿಮಿಷ ಅಡಚಣೆ, ಸರಿಹೋಗಿದೆ
>
> ಮಾನ್ಯರೇ,
>
> ಮಂಗಳವಾರ ಬೆಳಿಗ್ಗೆ 6:40ರಿಂದ 7:58ರವರೆಗೆ ಹೆಚ್ಚಿನ ಗ್ರಾಹಕರಿಗೆ ಆ್ಯಪ್‌ನಲ್ಲಿ ಆರ್ಡರ್ ಮಾಡಲು ಆಗಲಿಲ್ಲ. ಸೇವೆ ಈಗ ಪೂರ್ತಿ ಸರಿಯಿದೆ. ಸುಮಾರು 1,120 ಆರ್ಡರ್ ತಪ್ಪಿಹೋಗಿವೆ. ತಮ್ಮಿಂದ ಒಂದು ತೀರ್ಮಾನ ಬೇಕಿದೆ, ಕೊನೆಯಲ್ಲಿ ತಿಳಿಸಿದ್ದೇವೆ.
>
> ಪರಿಣಾಮ: ಈ ಹೊತ್ತಿನಲ್ಲಿ ಸಾಮಾನ್ಯವಾಗಿ 3,120 ಆರ್ಡರ್ ಬರುತ್ತವೆ, ಅಂದು ಬಂದದ್ದು 1,180. ನಂತರದ ಎರಡು ಗಂಟೆಯಲ್ಲಿ 820 ಮರಳಿ ಬಂದವು. ತಪ್ಪಿದ ಆರ್ಡರ್‌ಗಳ ಬೆಲೆ ಅಂದಾಜು ₹3.8 ಲಕ್ಷ (ಇದು ಲಾಭದ ಅಂಕಿಯಲ್ಲ, ಹಬ್ಬದ ವಾರದ ಮಂಗಳವಾರವನ್ನು ಹೋಲಿಕೆಯಿಂದ ಬಿಟ್ಟಿದ್ದೇವೆ). 37 ಗ್ರಾಹಕರ ಹಣ ಕಡಿತವಾಗಿ ಆರ್ಡರ್ ದಾಖಲಾಗಿರಲಿಲ್ಲ: 29 ಸರಿಹೋಗಿವೆ, 8 ಮಂದಿಗೆ ಹಣ ವಾಪಸ್ ಕಳಿಸಿ ಫೋನ್ ಮಾಡಿ ತಿಳಿಸಿದ್ದೇವೆ. ಲಾಗ್ ಪರಿಶೀಲಿಸಿದ್ದೇವೆ, ಮಾಹಿತಿ ಸೋರಿಕೆಯ ಸುಳಿವು ಕಂಡಿಲ್ಲ.
>
> ಕಾರಣ: ನಮ್ಮ ಸರ್ವರ್ ಅಸಲಿಯೇ ಎಂದು ಆ್ಯಪ್‌ಗೆ ತೋರಿಸುವ ಸರ್ಟಿಫಿಕೇಟ್ ಒಂದು ತಿಂಗಳ ಹಿಂದೆಯೇ ನವೀಕರಣಗೊಂಡಿತ್ತು. ಆದರೆ ಮೂರರಲ್ಲಿ ಎರಡು ಸರ್ವರ್‌ಗಳು ಹಳೆಯದನ್ನೇ ತೋರಿಸುತ್ತಿದ್ದವು. ಹೊಸ ಲೈಸೆನ್ಸ್ ಮನೆಯಲ್ಲಿದ್ದು ಹಳೆಯದು ಜೇಬಿನಲ್ಲಿ ಉಳಿದಂತೆ. ಇದುವರೆಗೆ ತಿಂಗಳಿಗೊಮ್ಮೆ ಮಾಡುವ ರೀಸ್ಟಾರ್ಟ್‌ನಿಂದ ಹೊಸದು ತಾನಾಗಿ ಬಳಕೆಗೆ ಬರುತ್ತಿತ್ತು. ಹಬ್ಬದ ಮಾರಾಟಕ್ಕಾಗಿ ಈ ಬಾರಿ ರೀಸ್ಟಾರ್ಟ್ ಮುಂದೂಡಿದಾಗ ಈ ಕೊರತೆ ಬಯಲಾಯಿತು. ನಮ್ಮ ಎಚ್ಚರಿಕೆ ವ್ಯವಸ್ಥೆ ಇದನ್ನು ಹಿಡಿಯಲಿಲ್ಲ. 25 ನಿಮಿಷದ ನಂತರ ಗ್ರಾಹಕ ಸೇವಾ ಕೇಂದ್ರದಿಂದ ನಮಗೆ ತಿಳಿಯಿತು.
>
> ತಡೆ: ನವೀಕರಣವಾದ ಕೂಡಲೇ ಎಲ್ಲ ಸರ್ವರ್‌ಗಳೂ ಹೊಸದನ್ನು ಬಳಸುವ ವ್ಯವಸ್ಥೆ: ಅ. 15ರಂದು ಆಗಿದೆ, ಪರೀಕ್ಷಿಸಿದ್ದೇವೆ. ಪ್ರತಿ ಸರ್ವರ್‌ನ ಸರ್ಟಿಫಿಕೇಟನ್ನು ದಿನಾ ಹೊರಗಿನಿಂದ ನೋಡಿ 20 ದಿನ ಮೊದಲೇ ಎಚ್ಚರಿಸುವುದು: ಪ್ಲಾಟ್‌ಫಾರ್ಮ್ ತಂಡದ ಮುಖ್ಯಸ್ಥರು, ಅ. 17. ಗ್ರಾಹಕರ ದಾರಿಯಿಂದಲೇ ಪ್ರತಿ ನಿಮಿಷದ ತಪಾಸಣೆ, ಸತತ ಮೂರು ಸಲ ವಿಫಲವಾದರೆ ಎಂಜಿನಿಯರ್‌ಗೆ ಫೋನ್ ಕರೆ: ಆಪರೇಷನ್ಸ್ ವ್ಯವಸ್ಥಾಪಕರು, ಅ. 31.
>
> ತಮ್ಮಿಂದ ಬೇಕಾದದ್ದು: 8 ಗ್ರಾಹಕರಿಗೆ ಮುಂದಿನ ಆರ್ಡರ್‌ನಲ್ಲಿ ರಿಯಾಯಿತಿ ಕೊಡಬೇಕೇ ಎಂಬ ತೀರ್ಮಾನ, ಶುಕ್ರವಾರದೊಳಗೆ.

ಅರ್ಧ ಪುಟಕ್ಕಿಂತ ಸ್ವಲ್ಪ ಹೆಚ್ಚು. ಮೊದಲ ಪ್ಯಾರಾ ಓದಿ ಬಿಟ್ಟವರಿಗೂ ಮುಖ್ಯ ಸಂಗತಿ ತಲುಪಿರುತ್ತದೆ. ನಿಮಿಷ ನಿಮಿಷದ ವಿವರ, ಲಾಗ್, ಗ್ರಾಫ್ ಬೇಕಾದವರಿಗೆ ಬೇರೆ ದಾಖಲೆ ಮಾಡಿಡಿ, ಲಗತ್ತಿಸಬೇಡಿ.

ಕಾರಣ ಇನ್ನೂ ಪತ್ತೆಯಾಗಿಲ್ಲದಿದ್ದರೆ?

ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಬೇರೆ ಬೇರೆಯಾಗಿ ಬರೆದು, ಮುಂದಿನ ಮೇಲ್ ಯಾವ ದಿನ ಬರುತ್ತದೆಂದು ಹೇಳಿ. ಊಹೆಯನ್ನು ಕಾರಣ ಎಂದು ಬರೆದು ಆಮೇಲೆ ತಿದ್ದುವುದು ತುಂಬಾ ದುಬಾರಿ. 7:30ಕ್ಕೆ ಈ ಮೇಲ್ ಬರೆದಿದ್ದರೆ ಪಾವತಿ ಗೇಟ್‌ವೇಯ ಮೇಲೆ ಹೊರಿಸಿರುತ್ತಿದ್ದರು.

"ಇನ್ನೆಂದೂ ಆಗುವುದಿಲ್ಲ ತಾನೇ?" ಎಂಬ ಉತ್ತರ ಬಂದರೆ?

ಈ ದೋಷದಿಂದ ಹೀಗಾಗುವ ಸಾಧ್ಯತೆ ತೀರಾ ಕಡಿಮೆಯಾಗಿದೆ, ಮತ್ತೆ ಕೊಂಡಿ ತಪ್ಪಿದರೂ 20 ದಿನ ಮೊದಲೇ ನಮಗೆ ತಿಳಿಯುತ್ತದೆ ಎಂದು ಹೇಳಬಹುದು. ಸೇವೆಯೇ ನಿಲ್ಲುವುದಿಲ್ಲ ಎಂದು ಬರೆದುಕೊಡಬೇಡಿ.

ಇದನ್ನು ಕೈಯಿಂದ ಮಾಡಿದರೆ ಸಾಲದೇ, ಸ್ವಯಂಚಾಲಿತ ವ್ಯವಸ್ಥೆಗೆ ಹಣ ಯಾಕೆ ಎಂಬ ಪ್ರಶ್ನೆಯೂ ಬರಬಹುದು. ಅದಕ್ಕೆ ಗಟ್ಟಿ ಉತ್ತರವಿದೆ. ಸರ್ಟಿಫಿಕೇಟ್ ನೀಡುವ ಸಂಸ್ಥೆಗಳೂ ಬ್ರೌಸರ್ ಸಂಸ್ಥೆಗಳೂ ಸೇರಿರುವ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಮಾಡಿದ ತೀರ್ಮಾನದಂತೆ, ಹೊಸ ಸರ್ಟಿಫಿಕೇಟಿನ ಗರಿಷ್ಠ ಆಯುಷ್ಯ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್ 15ರಿಂದ 100 ದಿನ, 2029ರ ಮಾರ್ಚ್ 15ರಿಂದ 47 ದಿನ. ಆಗ ವರ್ಷಕ್ಕೆ ಎಂಟು ಸಲವಾದರೂ ನವೀಕರಣ ನಡೆಯುತ್ತದೆ, ಅಷ್ಟೂ ಸಲ ಯಾರೋ ನೆನಪಿಟ್ಟುಕೊಂಡು ಮಾಡುತ್ತಾರೆ ಎಂದು ನಂಬಿ ಕೂರಲಾಗದು.

ಮೇಲ್ ಕಳಿಸಿದ ಮೇಲೆ ಇನ್ನೇನಾದರೂ ಇದೆಯೇ?

ಕೊನೆಯ ದಿನಾಂಕ ದಾಟಿದ ಮರುದಿನ, ಇಲ್ಲಿ ನವೆಂಬರ್ 1ರ ರಾಜ್ಯೋತ್ಸವ ರಜೆ, ಮರುದಿನ ಭಾನುವಾರ, ಹಾಗಾಗಿ ನವೆಂಬರ್ 3ರಂದು, ಅದೇ ಮೇಲ್‌ಗೆ ಉತ್ತರವಾಗಿ ಮೂರು ಸಾಲು ಕಳಿಸಿ: ಮೂರು ಕೆಲಸಗಳಲ್ಲಿ ಯಾವುದು ಮುಗಿದಿದೆ, ಯಾವುದು ಉಳಿದಿದೆ, ಉಳಿದದ್ದಕ್ಕೆ ಹೊಸ ದಿನಾಂಕ ಯಾವುದು. ಮುಂದೂಡಿದ ರೀಸ್ಟಾರ್ಟ್ ಯಾವಾಗ ಮಾಡಲಾಯಿತು ಎಂಬುದೂ ಅದರಲ್ಲಿರಲಿ, ಅದರ ಭದ್ರತಾ ಅಪ್‌ಡೇಟ್ ಇನ್ನೂ ಬಾಕಿಯೇ ಇರುತ್ತದೆ.